ಒಂದು ಡಬ್ಬಿ ಮೇಲೆ ಸೇರಿದ ಬಾಣ

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಹೇಳುವುದೆಲ್ಲ ಬಲು ನ್ಯಾಯವಂತಳ ಮಾತಿನ ಹಾಗೆ ಕೇಳಿಸಿಬಿಡುತ್ತದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಚಳ್ಳಕೆರೆಯಲ್ಲಿ ಎಣ್ಣೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ನಾಲ್ಕು ಕಂಪ್ಯೂಟರು, ಅದರಲ್ಲೊಂದು ಸದಾ ಕೆಟ್ಟಿರುತ್ತಿತ್ತು. ಕರೆಂಟು ಹೋದಾಗ ಉಳಿದ ಮೂರೂ ಸುಮ್ಮನಾಗುತ್ತಿದ್ದವು. ಹಾಗಾಗಿ ನಾವು ಕಲಿತದ್ದರಲ್ಲಿ ಮುಕ್ಕಾಲು ಪಾಲು ಬೆಂಚಿನ ಮೇಲೆ ಕೂತು, ಜೆರಾಕ್ಸ್ ಮಾಡಿದ ವರ್ಕ್‌ಶೀಟು ಇಟ್ಟುಕೊಂಡು ಕಲಿತದ್ದು. ನಾನು ಬಿ.ಜಿ. ಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅವಳು ಚಳ್ಳಕೆರೆಯವಳೇ, ಬಸ್ ಸ್ಟ್ಯಾಂಡ್ ಹತ್ತಿರದ ಬೈಕ್ ಮೆಕ್ಯಾನಿಕ್ ಒಬ್ಬರ ಮಗಳು. ಐದು ನಿಮಿಷ ನಡೆದರೆ ಕ್ಲಾಸು. ಆದರೂ ನನಗಿಂತ ತಡವಾಗಿ ಬಂದು, ನನಗಿಂತ ಮೊದಲು ಶೀಟು ಮುಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದಳು. ಆ ಬೆನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು.

ನಮ್ಮ ಮೇಷ್ಟ್ರಿಗೆ ಫ್ಲೋಚಾರ್ಟ್ ಎಂದರೆ ಪ್ರಾಣ. ಫ್ಲೋಚಾರ್ಟ್ ಎಂದರೆ ಏನೂ ಇಲ್ಲ, ಕಂಪ್ಯೂಟರು ಒಂದು ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದರ ಚಿತ್ರ. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಪ್ರಶ್ನೆ ಕೇಳುವಲ್ಲಿ ಡೈಮಂಡ್, ಒಂದರಿಂದ ಇನ್ನೊಂದಕ್ಕೆ ಬಾಣ. ಕೆಳಗೆ "ಇನ್‌ಪುಟ್ ಇಷ್ಟು ಕೊಟ್ಟರೆ ಔಟ್‌ಪುಟ್ ಎಷ್ಟು?" ಎಂದು ಪ್ರಶ್ನೆ ಇರುತ್ತಿತ್ತು. "ತಲೆ ಓಡಿಸ್ಬ್ಯಾಡ್ರಿ, ಬೆರಳು ಓಡಿಸ್ರಿ. ಬಾಣ ಎಲ್ಲಿಗೆ ಹೋಗ್ತದೋ ಬೆರಳು ಅಲ್ಲಿಗೆ ಹೋಗ್ಬೇಕು. ಪ್ರತಿ ಡಬ್ಬಿಗೂ ಬೆಲೆ ಬರ್ಕೊಳ್ರಿ" ಎನ್ನುತ್ತಿದ್ದರು. ಅವಳು ಇದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ನಾನು ಎರಡು ಸಾಲು ನೋಡಿ "ಓ, ಇದು ಮಗ್ಗಿ ಲೆಕ್ಕ", "ಇದು ಕೂಡೋ ಲೆಕ್ಕ" ಎಂದು ಗುರುತು ಹಿಡಿದು ಉತ್ತರ ಬರೆದುಬಿಡುತ್ತಿದ್ದೆ. ಉತ್ತರ ಸರಿಯೇ ಇರುತ್ತಿತ್ತು. ಅವಳ ಬೆರಳಾಟ ನನಗೆ ದಡ್ಡರ ಲಕ್ಷಣವಾಗಿ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ಮೊಳಕಾಲ್ಮೂರಿನಲ್ಲಿ ಬ್ರಾಂಚ್ ತೆರೆಯುತ್ತೇವೆ, ಪಾಠ ಮಾಡಲು ನಿಮ್ಮಲ್ಲೇ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಷ್ಟ್ರು ಹೇಳಿದರು. ಒಂದು ಟೆಸ್ಟು, ಹತ್ತು ಪ್ರಶ್ನೆ. ಯಾರಿಗೆ ಹೆಚ್ಚು ಬರುತ್ತದೋ ಕೆಲಸ ಅವರಿಗೆ. ಬಿ.ಜಿ. ಕೆರೆಯಿಂದ ಮೊಳಕಾಲ್ಮೂರು ಹತ್ತಿರ. ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಶೇಂಗಾ ಬಿತ್ತೋ ಹೊತ್ತಿಗೆ ಹೊಲಕ್ಕೆ ಬಾ ಎಂದು ಅವ್ವ ಗಡುವು ಕೊಟ್ಟಿದ್ದಳು. ಆ ಮೆಕ್ಯಾನಿಕ್ ಮಗಳಿಗೆ ಮೊಳಕಾಲ್ಮೂರಿನಲ್ಲಿ ಅಜ್ಜಿಯ ಮನೆ ಇತ್ತು. ಕೆಲಸ ಸಿಕ್ಕಿದರೆ ಅಲ್ಲಿದ್ದು ಹೋಗಿಬರಲಿ, ಸಿಗದಿದ್ದರೆ ಕಂಪ್ಯೂಟರ್ ಸಾಕು, ಮನೆಯಲ್ಲಿರಲಿ ಎಂದು ಅವಳ ಅಪ್ಪ ಹೇಳಿದ್ದರಂತೆ. ಇದು ಇಡೀ ಬೆಂಚಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಟೆಸ್ಟಿನ ದಿನ ಹತ್ತನೆಯ ಪ್ರಶ್ನೆ ನೋಡಿದ ಕೂಡಲೇ ನನಗೆ ನಗು ಬಂತು. ಅದು ನಾನೇ ಬರೆದ ಚಿತ್ರ. ಒರಿಜಿನಲ್ ಶೀಟು ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಮಾಸಿಹೋಗಿತ್ತು. ನನ್ನ ಕೈಬರಹ ದುಂಡಗಿದೆ ಎಂದು ಎರಡು ತಿಂಗಳ ಹಿಂದೆ ಮೇಷ್ಟ್ರು ಬಿಳಿ ಹಾಳೆ, ಕಪ್ಪು ಪೆನ್ನು, ಡಬ್ಬಿ ಎಳೆಯುವ ತೂತಿನ ಸ್ಕೇಲು ಕೊಟ್ಟು ನನ್ನಿಂದಲೇ ಹೊಸದಾಗಿ ಬರೆಸಿದ್ದರು. ಮೊದಲು ಎನ್ ತಗೋ. ಆಮೇಲಿನ ಡಬ್ಬಿಯಲ್ಲಿ ಕೆ ಬೆಲೆ ಒಂದು. ಅದರ ಕೆಳಗಿನ ಡಬ್ಬಿಯಲ್ಲಿ ಎಸ್ ಬೆಲೆ ಸೊನ್ನೆ. ಆಮೇಲೆ ಡೈಮಂಡ್: ಕೆ ಅನ್ನುವುದು ಎನ್‌ಗಿಂತ ಕಡಿಮೆಯೋ ಅಥವಾ ಸಮವೋ? ಹೌದಾದರೆ ಎಸ್‌ಗೆ ಕೆ ಕೂಡಿಸು, ಕೆಗೆ ಒಂದು ಕೂಡಿಸು, ವಾಪಸ್ ಡೈಮಂಡಿಗೆ ಹೋಗು. ಅಲ್ಲವಾದರೆ ಎಸ್ ಪ್ರಿಂಟ್ ಮಾಡು. ಒಂದರಿಂದ ಎನ್‌ವರೆಗೆ ಕೂಡುವ ಲೆಕ್ಕ. ಇನ್‌ಪುಟ್ ನಾಲ್ಕು. ಒಂದು, ಮೂರು, ಆರು, ಹತ್ತು. ಚಿತ್ರದ ಕಡೆ ಮತ್ತೆ ತಿರುಗಿಯೂ ನೋಡದೆ ಹತ್ತು ಎಂದು ಬರೆದು ಪೇಪರು ಕೊಟ್ಟೆ.

ಮೇಷ್ಟ್ರು ಉತ್ತರದ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಎಲ್ಲರೆದುರೇ ತಿದ್ದಿದರು. ಮೊದಲ ಒಂಬತ್ತು ನನಗೂ ಸರಿ, ಅವಳಿಗೂ ಸರಿ. ಹತ್ತನೆಯದಕ್ಕೆ ನಾನು ಹತ್ತು ಬರೆದಿದ್ದೆ, ಪಟ್ಟಿಯಲ್ಲೂ ಹತ್ತು. ಅವಳು ಸೊನ್ನೆ ಬರೆದಿದ್ದಳು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದರು.

ಅವಳು ಎದ್ದು ಬಂದಳು. "ಸಾರ್, ನಂದು ಸರಿ ಐತೆ."

"ಒಂದರಿಂದ ನಾಲ್ಕರ ತನಕ ಕೂಡಿದ್ರೆ ಸೊನ್ನೆ ಬರ್ತದೇನಮ್ಮಾ? ಒಂದನೇ ಕ್ಲಾಸಿನ ಹುಡುಗ್ರನ್ನ ಕೇಳು."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

"ಕೂಡೋ ಲೆಕ್ಕ ಅಂತ ಹಾಳೇಲಿ ಎಲ್ಲೂ ಬರ್ದಿಲ್ಲ ಸಾರ್. ಬಾಣ ಎಲ್ಲಿಗೆ ಹೋಗೈತೋ ನಾನು ಅಲ್ಲಿಗೆ ಹೋದೆ. ನೀವೇ ಹೇಳಿದ್ರಲ್ಲ, ಬೆರಳು ಓಡಿಸ್ರಿ ಅಂತ."

ಅವಳು ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕೆ ಒಂದು. ಎಸ್ ಸೊನ್ನೆ. ಒಂದು ನಾಲ್ಕಕ್ಕಿಂತ ಕಡಿಮೆ, ಹೌದು. ಎಸ್ ಒಂದಾಯಿತು, ಕೆ ಎರಡಾಯಿತು. ಅಲ್ಲಿಂದ ಎಡಗಡೆಯ ಗೆರೆ ಹಿಡಿದು ಅವಳ ಬೆರಳು ಮೇಲಕ್ಕೆ ಹತ್ತಿತು. ಡೈಮಂಡಿನ ತಲೆಯ ಮೇಲೆ ತಿರುಗಬೇಕಾಗಿದ್ದ ಗೆರೆ ಅಲ್ಲಿ ತಿರುಗಲಿಲ್ಲ. ಇನ್ನೂ ಒಂದು ಡಬ್ಬಿ ಮೇಲೆ ಹೋಗಿ, ಕೆ ಡಬ್ಬಿಗೂ ಎಸ್ ಡಬ್ಬಿಗೂ ನಡುವೆ ಸೇರಿತು. ಬೆರಳು ಕೆಳಗಿಳಿಯಿತು. "ಎಸ್ ಮತ್ತೆ ಸೊನ್ನೆ ಆಯ್ತು ನೋಡ್ರಿ" ಎಂದಳು.

ಉಳಿದ ಸುತ್ತುಗಳನ್ನು ನಾನೇ ಮನಸ್ಸಿನಲ್ಲಿ ಓಡಿಸಿದೆ. ಪ್ರತಿ ಸುತ್ತಿನಲ್ಲೂ ಎಸ್ ಸೊನ್ನೆಯಾಗುತ್ತದೆ. ಕೆ ಐದಾಗಿ ಬಂದಾಗಲೂ ಮೊದಲು ಸೊನ್ನೆಯಾಗಿ ಆಮೇಲೆ ಡೈಮಂಡಿಗೆ ಹೋಗುತ್ತದೆ. ಐದು ನಾಲ್ಕಕ್ಕಿಂತ ಕಡಿಮೆಯೂ ಅಲ್ಲ, ಸಮವೂ ಅಲ್ಲ. ಪ್ರಿಂಟ್ ಆಗುವುದು ಸೊನ್ನೆ. ಚಿತ್ರ ಬರೆದ ದಿನ ಕೊನೆಯ ಗೆರೆ ಎಳೆಯುವಾಗ ಕೆಳಗೆ ನಮ್ಮ ಕಡೆಯ ಬಸ್ಸು ಹಾರ್ನ್ ಹೊಡೆದಿತ್ತು. ಎಳೆದದ್ದೇ ಎಳೆದು ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಓಡಿದ್ದೆ. ಗೆರೆ ತಪ್ಪಿದ್ದು ಆಗಲೇ ಇರಬೇಕು.

ಮೇಷ್ಟ್ರ ಮುಖ ಕೆಂಪಾಗಿತ್ತು. ಅವರು ಬೆರಳಿಡಲಿಲ್ಲ. ವರ್ಷಗಟ್ಟಲೆ ಹತ್ತು ಎಂದೇ ಉತ್ತರವಿದ್ದ ಶೀಟು ಅದು. ವಿದ್ಯಾರ್ಥಿಯೊಬ್ಬಳು ಎಲ್ಲರೆದುರು ತಮ್ಮ ಮಾತನ್ನೇ ತಮಗೆ ತಿರುಗಿಸಿ ಹೇಳಿದ್ದನ್ನು ಅವರು ನುಂಗಲಾರದೆ ಹೋದರು. ಹಾಳೆ ಕಿತ್ತುಕೊಂಡು ನನ್ನ ಕಡೆ ಹಿಡಿದರು.

"ನೀನೇ ಅಲ್ವೇನೇ ಬರ್ದಿದ್ದು? ಬಾಣ ಸರಿ ಐತೋ ಇಲ್ಲೋ?"

ಅವಳು ನನ್ನನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ನಾನು ಏನು ಹೇಳುತ್ತೇನೋ ಎಂದು ಕಾಯುವ ನೋಟ. ಅದೇ ನೆಟ್ಟನೆಯ ಬೆನ್ನು. ಒಂದಿಷ್ಟು ಬಗ್ಗಿದ್ದರೆ ನನ್ನ ಬಾಯಲ್ಲಿ ಬೇರೆ ಮಾತು ಬರುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು.

"ಸರಿ ಐತೆ ಸಾರ್" ಎಂದೆ. "ಒರಿಜಿನಲ್ ಹೆಂಗಿತ್ತೋ ಹಂಗೇ ಬರ್ದೀನಿ."

"ಆಯ್ತಲ್ಲ, ಹೋಗಿ ಕೂತ್ಕ" ಎಂದರು ಮೇಷ್ಟ್ರು ಅವಳಿಗೆ. ಬಾಣ ಸರಿ ಇದ್ದರೆ ಅವಳ ಉತ್ತರವೇ ಸರಿ ಎನ್ನುವುದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು. ನನಗೂ.

ಮೆಟ್ಟಿಲಿಳಿಯುವಾಗ ಅವಳು ನನ್ನ ದಾರಿಗೆ ಅಡ್ಡ ನಿಂತಳು. "ನೀನೇ ಒಂದ್ಸಲ ಬೆರಳಿಟ್ಟು ನೋಡು. ಈಗ್ಲೇ. ಇಲ್ಲೇ."

"ಕೆಲಸ ಸಿಗ್ಲಿಲ್ಲ ಅಂತ ಉರ್ಕೊಬ್ಯಾಡ. ದಾರಿ ಬಿಡು, ಬಸ್ಸು ಹೋಗ್ತೈತೆ."

"ನಿನಗೆ ಯಾವಾಗ್ಲೂ ಬಸ್ಸು ಹೋಗ್ತಿರ್ತೈತೆ" ಎಂದು ದಾರಿ ಬಿಟ್ಟಳು. ಮಾರನೆಯ ದಿನದಿಂದ ಅವಳು ಕ್ಲಾಸಿಗೆ ಬರಲಿಲ್ಲ. ನನಗೆ ಒಂದು ವಾರ ಖುಷಿಯಾಗಿಯೇ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಮೊಳಕಾಲ್ಮೂರಿನ ಬ್ರಾಂಚು ಸೀರೆ ನೇಯುವವರ ಬೀದಿಯಲ್ಲಿತ್ತು. ಗೋಡೆಯಾಚೆ ಮಗ್ಗದ ಸದ್ದು, ಈಚೆ ಕನ್ನಡ ತೆಲುಗು ಬೆರೆಸಿ ಮಾತಾಡುವ ಹನ್ನೆರಡು ಜನ ವಿದ್ಯಾರ್ಥಿಗಳು. ಮೊದಲ ದಿನ ಮೇಷ್ಟ್ರು ಕಳಿಸಿದ ವರ್ಕ್‌ಶೀಟಿನ ಕಟ್ಟು ಬಿಚ್ಚಿದಾಗ ಮೇಲೆಯೇ ಆ ಹಾಳೆ ಇತ್ತು. ವಿದ್ಯಾರ್ಥಿಗಳು ಬರುವ ಮೊದಲು ಬಾಗಿಲು ಹಾಕಿಕೊಂಡು, ತಪ್ಪು ಗೆರೆಯ ಮೇಲೆ ಬಿಳಿ ಇಂಕು ಬಳಿದು, ಊದಿ ಒಣಗಿಸಿ, ಬಾಣವನ್ನು ಡೈಮಂಡಿನ ತಲೆಗೆ ಸೇರಿಸಿದೆ. ಆಮೇಲೆ ಜೆರಾಕ್ಸಿಗೆ ಕೊಟ್ಟೆ. ಎಲ್ಲರೂ ಬೆರಳಿಟ್ಟೇ ಮಾಡಬೇಕು ಎಂದು ಮೇಷ್ಟ್ರಿಗಿಂತ ಜೋರಾಗಿ ಗದರಿದೆ. ಎಲ್ಲರಿಗೂ ಹತ್ತು ಬಂತು.

ಆರೇಳು ವರ್ಷದ ಮೇಲೆ ಚಳ್ಳಕೆರೆಯಲ್ಲಿ ನನ್ನ ಸ್ಕೂಟಿ ಕೆಟ್ಟಿತು. ತಳ್ಳಿಕೊಂಡು ಹೋದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಅವಳ ಅಪ್ಪನ ಗ್ಯಾರೇಜಿಗೇ. ಬೇರೆ ಗ್ಯಾರೇಜುಗಳೂ ಇದ್ದವು. ಪಕ್ಕದಲ್ಲಿ ಹೊಸದಾಗಿ ಬಿಡಿಭಾಗದ ಅಂಗಡಿ ಹಾಕಿದ್ದರು, ಕೌಂಟರಿನಲ್ಲಿ ಅವಳಿದ್ದಳು. ಬೆನ್ನು ಹಾಗೆಯೇ ಇತ್ತು. ನನ್ನ ಗುರುತು ಹತ್ತಿತು, ಆದರೆ ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ.

ನಾನು ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧಮಾಡಿಕೊಂಡು ಬಂದಿದ್ದೆ. ಆಗ ನೋಡಲಿಲ್ಲ, ಗೊತ್ತಾಗಲಿಲ್ಲ, ಆಮೇಲೆ ಯಾವಾಗಲೋ ಹೊಳೆಯಿತು, ಮನಸ್ಸಿಗೆ ಬಹಳ ಕೆಟ್ಟದೆನಿಸಿತು ಎಂದು. ಅರ್ಧ ಕ್ಷಮೆ, ಅರ್ಧ ನೆಪ. ಬಾಯಿ ತೆಗೆಯುವಷ್ಟರಲ್ಲಿ ಅವಳೇ ಕೇಳಿದಳು.

"ಆ ಬಾಣ ತಿದ್ದಿದ್ಯಾ?"

"ತಿದ್ದಿದೆ" ಎಂದೆ. ತಿದ್ದಿದ್ದೇನೆಂದು ಹೇಳಲು ಅವಕಾಶ ಸಿಕ್ಕಿತಲ್ಲ ಎಂದು ಸ್ವಲ್ಪ ಹಗುರವೂ ಆಯಿತು.

"ಯಾವಾಗ?"

"ಮೊಳಕಾಲ್ಮೂರಿಗೆ ಹೋದ ಮೊದಲ್ನೇ ದಿನಾನೇ. ಪಾಠಕ್ಕೂ ಮುಂಚೆ."

"ಹಂಗಾದ್ರೆ ಅವತ್ತೇ ಗೊತ್ತಿತ್ತು ನಿನಗೆ. ಇಷ್ಟು ವರ್ಷ ನಾನು, ಪಾಪ ನಿನಗೆ ಕಾಣ್ಸಿಲ್ಲೇನೋ ಅಂತ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ತಳಕು ಊರಿನ ಕಡೆಯವರೊಬ್ಬರು ಬಂದು ಕ್ಲಚ್ ಕೇಬಲ್ ಕೇಳಿದರು. ಅವಳು ಅವರಿಗೆ ಯಾವ ಬೈಕು, ಯಾವ ಮಾಡೆಲ್ ಎಂದು ಕೇಳುತ್ತ, ಹಿಂದಿನ ಡಬ್ಬಿಗಳ ಸಾಲಿನ ಮೇಲೆ ಒಂದೊಂದಾಗಿ ಬೆರಳಿಟ್ಟುಕೊಂಡು ಹುಡುಕತೊಡಗಿದಳು.