ಗಡುವಕ್ಕನ ರೀಲಿನಿಂದ ಕತ್ತರಿಸಿದ ಮಾತು

ಅವಳನ್ನು ಹೆಸರು ಹಿಡಿದು ಕರೆಯುವವರು ನಮ್ಮ ಆಫೀಸಿನಲ್ಲಿ ಯಾರೂ ಇಲ್ಲ. ಎಲ್ಲರಿಗೂ ಅವಳು ಗಡುವಕ್ಕ. ತೆರಿಗೆ ಲೆಕ್ಕ ಕೊಡುವ ಗಡುವು ಹತ್ತಿರ ಬಂತೆಂದರೆ ಅವಳೇ ಒಬ್ಬೊಬ್ಬರಿಗೂ ಫೋನ್ ಮಾಡಿ, ಬೈದು, ಗೋಗರೆದು ಕಾಗದಪತ್ರ ತರಿಸಿಕೊಳ್ಳುತ್ತಾಳೆ. ನಾನು ಕೂರುವುದು ಮುಂದಿನ ಮೇಜಿನಲ್ಲಿ, ಬಾಗಿಲಿಗೆ ಎದುರಾಗಿ. ಬಂದವರನ್ನು ಕೂರಿಸುವುದು, ಫೋನ್ ಎತ್ತುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ಜನರ ತೆರಿಗೆ ಲೆಕ್ಕ ಬರೆದುಕೊಡುವ ನಮ್ಮ ಆಫೀಸು ಎಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಳಗಿನದರಲ್ಲಿ ಸರ್ ಮತ್ತು ಅವರ ಮಗ, ಹೊರಗಿನದರಲ್ಲಿ ನಾವಿಬ್ಬರು ಮತ್ತು ಕಾಗದ ಕಚ್ಚಿಕೊಳ್ಳುವ ಒಂದು ಜೆರಾಕ್ಸ್ ಯಂತ್ರ. ಸೀಸನ್ ಬಂದರೆ ಮೆಟ್ಟಿಲ ಮೇಲೂ ಜನ. ಎಲ್ಲರದೂ ಒಂದೇ ಪ್ರಶ್ನೆ: ಕೊನೇ ದಿನ ಯಾವತ್ತು, ದಾಟಿದರೆ ಏನಾಗುತ್ತೆ? ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಗುತ್ತಿತ್ತು. ಆಗ ಸರ್ ಮಗ, ನಾವು ಚಿಕ್ಕ ಸರ್ ಎನ್ನುತ್ತೇವೆ, ಒಂದು ರೀಲ್ ಮಾಡಿ ಹಾಕಿಬಿಡೋಣ ಅಂದ. ಎಲ್ಲರೂ ಫೋನ್ ನೋಡುತ್ತಲೇ ಇರುತ್ತಾರೆ, ಅದರಲ್ಲೇ ನೋಡಿಕೊಳ್ಳಲಿ ಎಂದು. ಸ್ಕ್ರಿಪ್ಟ್ ಬರೆಯುವುದು ಗಡುವಕ್ಕ, ಮುಖ ತೋರಿಸುವುದೂ ಅವಳೇ, ಏಕೆಂದರೆ ಚಿಕ್ಕ ಸರ್ ಮಾತಾಡಿದರೆ ನಮಗೇ ಅರ್ಥವಾಗುವುದಿಲ್ಲ.

ಪಾಪ, ಎಷ್ಟು ಚೆನ್ನಾಗಿ ಬರೆದಿದ್ದಳು! ಊಟದ ಡಬ್ಬಿ ಮುಚ್ಚಿಟ್ಟು ನನಗೆ ಓದಿ ತೋರಿಸಿದಳು. ಕೊನೇ ದಿನದೊಳಗೆ ಕೊಟ್ಟರೆ ಏನೂ ತೊಂದರೆಯಿಲ್ಲ. ದಾಟಿದರೂ ಇನ್ನೊಂದಷ್ಟು ದಿನ ಅವಕಾಶವಿದೆ, ಆದರೆ ಮೂರು ಪೆಟ್ಟು. ಒಂದು, ತಡವಾದದ್ದಕ್ಕೆ ದಂಡ. ಎರಡು, ತೆರಿಗೆ ಬಾಕಿಯಿದ್ದರೆ ಅದಕ್ಕೆ ಬಡ್ಡಿ. ಮೂರು, ಇದನ್ನು ಯಾರೂ ಹೇಳುವುದಿಲ್ಲ ಕೇಳಿ, ಈ ವರ್ಷ ನಿಮ್ಮ ವ್ಯಾಪಾರದಲ್ಲಿ ನಷ್ಟವಾಗಿದ್ದರೆ ಅದನ್ನು ಮುಂದಿನ ವರ್ಷಗಳ ಲಾಭದಿಂದ ಕಳೆದು ತೆರಿಗೆ ಕಡಿಮೆ ಮಾಡಿಕೊಳ್ಳುವ ಹಕ್ಕೇ ಹೋಗುತ್ತದೆ. ನಷ್ಟವನ್ನೂ ಹೊತ್ತಿನೊಳಗೆ ಬಂದು ಹೇಳಿಕೊಳ್ಳಬೇಕು, ನಾಚಿಕೊಂಡು ಮನೆಯಲ್ಲಿ ಕೂರಬೇಡಿ.

ಆ ಮೂರನೆಯದನ್ನು ಬರೆಯುವಾಗ ಅವಳ ತಲೆಯಲ್ಲಿ ಇದ್ದವನು ಅವಳ ತಮ್ಮ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ, ಆ ವರ್ಷ ಅದು ನೆಲ ಕಚ್ಚಿತ್ತು. ಗಾಜು, ಮರದ ಪಟ್ಟಿ ಎಲ್ಲ ಸಿಕ್ಕ ಬೆಲೆಗೆ ಮಾರಿ, ಈಗ ಅಂಗಡಿಗಳಿಗೆ ಬೋರ್ಡು ಮಾಡಿಕೊಡುವ ಕೆಲಸ ಹಿಡಿದಿದ್ದ. ಅದು ಕೈಹಿಡಿಯುತ್ತಿತ್ತು. ಹಳೆಯ ನಷ್ಟವನ್ನು ಹೊಸ ಲಾಭದಿಂದ ಕಳೆದರೆ ಒಂದೆರಡು ವರ್ಷ ತೆರಿಗೆಯ ಕಾಟವಿಲ್ಲದೆ ಉಸಿರಾಡಬಹುದಿತ್ತು. ಅವಳು ಸೀಸನ್ ಶುರುವಿನಲ್ಲೇ ಅವನಿಗೆ ಕಾಗದ ತಂದುಕೊಡು ಅಂದಿದ್ದಳು, ಅವನು ಆಯ್ತಕ್ಕ ಅಂದಿದ್ದ. ಮುಚ್ಚಿದ ಅಂಗಡಿಯ ಲೆಕ್ಕವನ್ನು ಮತ್ತೆ ಬಿಚ್ಚುವುದಕ್ಕೆ ಯಾರಿಗೆ ತಾನೇ ಮನಸ್ಸು ಬರುತ್ತದೆ?

ಸ್ಕ್ರಿಪ್ಟ್ ಒಳಗಿನ ಕೋಣೆಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅರ್ಧವಾಗಿತ್ತು. ಬಡ್ಡಿ ಇಲ್ಲ, ನಷ್ಟ ಇಲ್ಲ. ಒಂದು ನಿಮಿಷಕ್ಕಿಂತ ಉದ್ದವಾದರೆ ಜನ ಬೆರಳಲ್ಲಿ ತಳ್ಳಿಬಿಡುತ್ತಾರೆ, ಹೆದರಿಸಿದರೆ ಇನ್ನೂ ಬೇಗ ತಳ್ಳುತ್ತಾರೆ ಎಂದು ಚಿಕ್ಕ ಸರ್ ಪಾಠ ಮಾಡಿದ. ಕೊನೆಗೆ ತಾನೇ ಒಂದು ಸಾಲು ಸೇರಿಸಿದ್ದ: ‘ದಿನ ದಾಟ್ತಾ? ಚಿಂತೆ ಬೇಡ, ಸಣ್ಣ ದಂಡ ಕಟ್ಟಿದ್ರಾಯ್ತು, ನಾವಿದ್ದೀವಿ.’ ಗಡುವಕ್ಕ ಕಾಗದ ಹಿಡಿದು ಸರ್ ಹತ್ತಿರ ಹೋದಳು. ನಷ್ಟದ ಮಾತೊಂದನ್ನಾದರೂ ಇಡಿ ಸರ್ ಎಂದು ಕೇಳಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿದರು.

“ನೋಡಮ್ಮ, ಇದ್ರಲ್ಲಿ ಸುಳ್ಳು ಯಾವುದಾದ್ರೂ ಇದೆಯಾ? ಇಲ್ವಲ್ಲ. ಮತ್ತೆ?”

ಸುಳ್ಳು ಇರಲಿಲ್ಲ ನಿಜ. ಹಾಗೆ ಸುಳ್ಳಿಲ್ಲದೆ ಮೋಸ ಮಾಡುವುದಕ್ಕೂ ಓದಿರಬೇಕು ಅಂತ ನಾನು ಆಮೇಲೆ ಅಂದುಕೊಂಡೆ. ಗಡುವಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು, ಕಿಟಕಿಯ ಪಕ್ಕ ನಿಂತು, ನಗುನಗುತ್ತಾ ಹೇಳಿದಳು. ಅವಳ ಒಬ್ಬಳ ದುಡಿಮೆಯಲ್ಲಿ ಮನೆ ನಡೆಯುತ್ತದೆ. ನಗು ಅಂದರೆ ನಗಬೇಕು.

ರೀಲ್ ಓಡಿತು ನೋಡಿ! ತರಕಾರಿ ತರಲು ಹೋದರೆ ಅಂಗಡಿಯವನು ‘ನಾವಿದ್ದೀವಿ’ ಬಂದರು ಅಂತ ಅವಳನ್ನು ರೇಗಿಸುತ್ತಿದ್ದ. ಕೊನೆಯ ವಾರ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅದರ ನಡುವೆಯೂ ಅವಳು ತಮ್ಮನಿಗೆ ಫೋನ್ ಮಾಡಿದ್ದು ನನಗೆ ಗೊತ್ತು. ಲೆಕ್ಕದ ವಿಷಯ ಏನಾಯ್ತೋ ಅಂದಳು. ಅವನು ಎಲ್ಲ ಗೊತ್ತಕ್ಕ, ನಿನ್ನ ರೀಲ್ ನೋಡಿದ್ದೀನಿ, ನೀನು ತಲೆ ಕೆಡಿಸಿಕೊಳ್ಳಬೇಡ ಅಂದನಂತೆ. ಅಂಗಡಿಯ ಹಳೆಯ ಲೆಕ್ಕದವನ ಕೈಯಲ್ಲೇ ಕೊಡಿಸಿರಬೇಕು ಎಂದು ಅವಳು ತಿಳಿದಳು. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು.

ಗಡುವು ದಾಟಿದ ಮೇಲೆ, ಮೆಟ್ಟಿಲು ಖಾಲಿಯಾದ ಮೇಲೆ, ಅವನು ಬಂದ. ಕಂಕುಳಲ್ಲಿ ಕಾಗದದ ಚೀಲ, ಮುಖದ ತುಂಬ ನಗು. ಈಗ ರಶ್ ಇಲ್ಲ ಅಲ್ವಾ ಅಂತ ನನ್ನನ್ನೇ ಕೇಳಿದ. ಗಡುವಕ್ಕ ಚೀಲ ನೋಡಿದಳು, ಅವನ ಮುಖ ನೋಡಿದಳು.

“ಯಾಕೋ ಇಷ್ಟು ದಿನ ಬರ್ಲಿಲ್ಲ?”

“ನೀನು ಊಟ ಕೂಡ ಬಿಟ್ಟು ದುಡೀತಿದ್ದೆ, ನನ್ನದೊಂದು ಯಾಕೆ ಮೇಲೆ ಹೇರಲಿ ಅಂತ ಸುಮ್ನಿದ್ದೆ. ಲೇಟಾದ್ರೆ ದಂಡ ಅಷ್ಟೇ ಅಂತ ನೀನೇ ಹೇಳಿದ್ಯಲ್ಲಕ್ಕ.”

ಅವಳು ಬಿಡಿಸಿ ಹೇಳಿದಳು. ರಿಟರ್ನ್ ಈಗಲೂ ಕೊಡಬಹುದು, ದಂಡವೂ ಕಟ್ಟಬಹುದು, ಆದರೆ ಅಂಗಡಿಯ ನಷ್ಟ ಇಲ್ಲಿಗೇ ಮುಗಿಯಿತು, ಮುಂದಕ್ಕೆ ಬರುವುದಿಲ್ಲ. ಅವನು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಹಾಗಾದರೆ ಅಂಗಡಿ ಎರಡು ಸಲ ಮುಳುಗಿದ ಹಾಗಾಯ್ತು ಅಂದು ಚೀಲವನ್ನು ಮೇಜಿನ ಮೇಲಿಟ್ಟ. ನನಗಂತೂ ಒಳಗಿನ ಕೋಣೆಯ ಬಾಗಿಲಿಗೆ ಜೆರಾಕ್ಸ್ ಯಂತ್ರವನ್ನೇ ಎತ್ತಿ ಎಸೆಯುವಷ್ಟು ಸಿಟ್ಟು ಬಂದಿತ್ತು.

ಒಂದು ದಾರಿ ಉಳಿದಿತ್ತು. ತಡವನ್ನು ಮನ್ನಿಸಿ, ನಷ್ಟವನ್ನು ಮುಂದಕ್ಕೆ ಒಯ್ಯಲು ಬಿಡಿ ಎಂದು ಇಲಾಖೆಯ ಮೇಲಧಿಕಾರಿಗೆ ಮನವಿ ಕೊಡಬಹುದು. ಒಪ್ಪುವುದು, ಬಿಡುವುದು ಅವರಿಗೆ ಸೇರಿದ್ದು. ಆದರೆ ತಡವಾದದ್ದಕ್ಕೆ ತಕ್ಕ ಕಾರಣ ಬರೆಯಲೇಬೇಕು. ಗಡುವಕ್ಕ ನಡೆದದ್ದನ್ನು ನಡೆದ ಹಾಗೇ ಬರೆದಳು, ತಾನು ಮೊದಲು ಬರೆದಿದ್ದ ಸ್ಕ್ರಿಪ್ಟನ್ನೂ ಜೊತೆಗಿಟ್ಟಳು. ಸರ್ ಅದನ್ನು ಓದಿ ಬಾಗಿಲು ಮುಚ್ಚಿಸಿದರು. ಆಫೀಸಿನ ಹೆಸರು ಅದರಲ್ಲಿ ಬಂದರೆ ನಾಳೆಯಿಂದ ನೀವು ಬರಬೇಕಾಗಿಲ್ಲ ಎಂದು ಮೆತ್ತಗೆ ಹೇಳಿದರಂತೆ. ಕೂಗಿದ್ದರೆ ನನಗೂ ಕೇಳಿಸುತ್ತಿತ್ತು. ಅದರ ಬದಲು ಬರೆಯಬೇಕಾದ ಕಾರಣವನ್ನು ಅವರೇ ಹೇಳಿಕೊಟ್ಟರು.

ಅವಳು ಹೊರಗೆ ಬಂದು ಕೂತು ಟೈಪ್ ಮಾಡತೊಡಗಿದಳು. ತಮ್ಮ ಎದುರಿನ ಕುರ್ಚಿಯಲ್ಲಿ ಕಾಯುತ್ತಿದ್ದ. ಮುದ್ರಿಸಿದ ಹಾಳೆಯನ್ನು ಅವನ ಕಡೆ ತಳ್ಳಿದಳು, ಮುಖ ಎತ್ತಲಿಲ್ಲ. ನಾನು ಪಕ್ಕದಲ್ಲೇ ನಿಂತು ಓದಿದೆ: ‘ಗಡುವಿನ ವಿಷಯವನ್ನು ಸರಿಯಾಗಿ ತಿಳಿಸಿ ಹೇಳಲು ಅರ್ಜಿದಾರನಿಗೆ ತನ್ನವರೆಂಬುವರು ಯಾರೂ ಇರಲಿಲ್ಲ.’

ಅವನು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಆಮೇಲೆ ನನ್ನ ಮೇಜಿನಿಂದ ಪೆನ್ನು ತೆಗೆದುಕೊಂಡ.

“ಸರಿಯಾಗೇ ಬರ್ದಿದೀಯ,” ಅಂದು ಸಹಿ ಹಾಕಿದ. ಅಕ್ಕ ಎನ್ನಲಿಲ್ಲ.