ಹಿಂದಕ್ಕೆ ತಿರುಗಿಸಿದ ಪಾಠ

ನಮ್ಮ ಆರ್‌ಪಿಸಿ ಲೇಔಟ್ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರಾಗಿಣಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳುವ ಟೀಚರು. ಮೊಬೈಲನ್ನು ಕುಕ್ಕರಿಗೆ ಒರಗಿಸಿ ಪಾಠದ ವಿಡಿಯೋ ಮಾಡುತ್ತಾಳೆ. ನನ್ನ ದಾಸವಾಳದ ಗಿಡವೂ ಅದರಲ್ಲಿ ಬಂದಿದೆ. ಎಲೆ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆಂದು ನನಗೆ ತಿಳಿದದ್ದು ಅವಳಿಂದಲೇ.

ಒಂದು ಭಾನುವಾರ ಅವಳ ಅಕ್ಕನ ಮಗಳು ಕೀರ್ತನಾ ಬಂದಿದ್ದಳು. ವಿಡಿಯೋವನ್ನು ಜನ ಎಲ್ಲಿ ಮತ್ತೆ ನೋಡಿದರು, ಎಲ್ಲಿ ಬಿಟ್ಟುಹೋದರು ಎಂದು ಪರೀಕ್ಷಿಸುವುದೇ ಅವಳ ಕೆಲಸ. ನಾನು ಅವರೆಕಾಳು ಹಿಸುಕುತ್ತಿದ್ದ ಜಾಗದಲ್ಲೇ ಲ್ಯಾಪ್‌ಟಾಪ್ ತೆರೆದರು. ಜನ ಹೆಚ್ಚು ಸಲ ನೋಡಿದ ಕಡೆ ಮೇಲೇಳುವ ಗೆರೆಯೊಂದು ಅದರಲ್ಲಿತ್ತು.

"ನೋಡೇ, ಇಲ್ಲಿ ಗೆರೆ ಹೆಂಗೆ ಎದ್ದಿದೆ! ತಿರುಗ್ಸಿ ತಿರುಗ್ಸಿ ನೋಡಿದಾರೆ. ಈ ಭಾಗ ಅಷ್ಟು ಇಷ್ಟ ಆಗಿದೆ," ಎಂದಳು ರಾಗಿಣಿ.

"ಇಷ್ಟ ಆಗಿದ್ರೆ ಪ್ರಶ್ನೆ ಬಂದ ಕೂಡ್ಲೇ ಅರ್ಧ ಕ್ಲಾಸು ಯಾಕೆ ವಿಡಿಯೋ ಬಿಟ್ಟುಹೋಯ್ತು ಚಿಕ್ಕಮ್ಮಾ?"

"ಸೋಮಾರಿಗಳು ಕಣೇ."

ಕೀರ್ತನಾ ವಿಡಿಯೋ ಓಡಿಸಿದಳು. ನಡುವೆ ಪ್ರಶ್ನೆ ಬಂದು ನಿಂತಿತು. ಸರಿಯಾದ ಉತ್ತರ ಒತ್ತದೆ ಮುಂದೆ ಹೋಗುವಂತಿಲ್ಲ. "ಇದಕ್ಕೆ ಉತ್ತರ ಎಲ್ಲಿ ಹೇಳಿದೀರಿ?"

ಹೇಳಿದ್ದು ಪ್ರಶ್ನೆಯ ಆಚೆ! ಹೆಡ್‌ಮಾಸ್ಟರರ ಶುಭಾಶಯವನ್ನು ರಾಗಿಣಿ ಪ್ರಶ್ನೆ ಸೇರಿಸಿಯಾದ ಮೇಲೆ ವಿಡಿಯೋದ ಆರಂಭಕ್ಕೆ ಅಂಟಿಸಿದ್ದಳು. ಪಾಠವೆಲ್ಲ ಅಷ್ಟು ಮುಂದಕ್ಕೆ ಸರಿದಿತ್ತು, ಪ್ರಶ್ನೆ ಮಾತ್ರ ಹಳೆಯ ನಿಮಿಷದಲ್ಲೇ ಉಳಿದಿತ್ತು. ಮಕ್ಕಳು ಇನ್ನೂ ಹೇಳದ ಮಾತನ್ನು ಹಿಂದೆ ಹೋಗಿ ಹೋಗಿ ಹುಡುಕಿದ್ದರು.

ರಾಗಿಣಿ ಮುಖ ಮುಚ್ಚಿಕೊಂಡಳು. "ಯಾರು ಎಷ್ಟು ಸಲ ತಿರುಗ್ಸಿದ್ರು ಅಂತ ಹೆಸರಿನ ಸಮೇತ ನಂಗೆ ಕಾಣುತ್ತೆ, ಅಜ್ಜಿ. ಎಲ್ಲರಿಗಿಂತ ಜಾಸ್ತಿ ತಿರುಗ್ಸಿಯೂ ತಪ್ಪು ಒತ್ತಿದ್ಲು ಅಂತ ಶುಕ್ರವಾರ ಧನ್ಯಶ್ರೀನ ಎಬ್ಬಿಸಿ ನಿಲ್ಲಿಸ್ದೆ. 'ಅದನ್ನೇ ಎಷ್ಟು ಸಲ ತಿರುಗಿಸ್ತೀಯ, ತಲೆಗೇ ಹೋಗಲ್ವಾ?' ಅಂದೆ. ಕ್ಲಾಸೆಲ್ಲಾ ನಕ್ಕಿತು."

ಧನ್ಯಶ್ರೀ ನಮ್ಮ ಹಿಂದಿನ ಬೀದಿಯ ಟೈಲರ್ ಕಲಾಳ ಮಗಳು. ಮಾತು ಕಡಿಮೆ.

"ಸೋಮವಾರ ಕ್ಲಾಸಲ್ಲೇ ಹೇಳು, ತಪ್ಪು ನಿಂದು ಅಂತ," ಎಂದೆ.

ಹೇಳಿದಳಂತೆ, ಎಲ್ಲರ ಮುಂದೆ. ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ಇಟ್ಟು ವಿಡಿಯೋವನ್ನು ಮತ್ತೆ ಹಾಕಿದಳು. ಮುಂದಿನ ಭಾನುವಾರ ಕೀರ್ತನಾ ನೋಡಿ, "ಪ್ರಶ್ನೆ ಹತ್ರ ಈಗ ಯಾರೂ ಬಿಡ್ತಾ ಇಲ್ಲ," ಎಂದಳು.

"ಧನ್ಯಶ್ರೀದು ತೋರಿಸು," ಎಂದಳು ರಾಗಿಣಿ.

ಆ ಹುಡುಗಿ ಒಮ್ಮೆಯೂ ಹಿಂದಕ್ಕೆ ತಿರುಗಿಸಿರಲಿಲ್ಲ. ನೇರ ಕೊನೆಯವರೆಗೆ ನೋಡಿದ್ದಳು. ಪ್ರಶ್ನೆಗೆ ಎರಡು ಸಲ ತಪ್ಪು ಒತ್ತಿ, ಮೂರನೆಯದಕ್ಕೆ ದಾಟಿದ್ದಳು.

ರಾಗಿಣಿ ಚಪ್ಪಲಿ ಮೆಟ್ಟಿ ಹೊರಟಳು. ನಾನೂ ಹೋದೆ. ಹುಡುಗಿ ಬಾಗಿಲಲ್ಲಿ ಗುಂಡಿ ಹೊಲಿಯುತ್ತಿದ್ದಳು.

"ಯಾಕಮ್ಮಾ, ಅರ್ಥ ಆಗ್ದಿದ್ರೆ ತಿರುಗ್ಸಿ ನೋಡ್ಬೋದಿತ್ತಲ್ಲ?"

"ನೋಡಿದ್ರೆ ನಿಮಗೆ ಕಾಣುತ್ತಲ್ಲಾ ಮಿಸ್," ಎಂದಳು, ಸೂಜಿಯಿಂದ ಕಣ್ಣೆತ್ತದೆ.

ರಾಗಿಣಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಾಗಿಲ ಪಕ್ಕದ ಕುಂಡದಿಂದ ಒಂದು ಎಲೆ ಕಿತ್ತು, ಮೊದಲಿನಿಂದ ಹೇಳತೊಡಗಿದಳು. ಹುಡುಗಿ ಹೊಲಿಗೆ ಬದಿಗಿಟ್ಟು ಕೇಳಿದಳು. "ಇನ್ನೊಂದ್ಸಲ ಹೇಳಿ" ಎಂದು ಮಾತ್ರ ಕೇಳಲಿಲ್ಲ.