ವೀರಭದ್ರಸ್ವಾಮಿಯವರ ವೇಗದ ದಾರಿ

ಬೆಟ್ಟದಪುರದಲ್ಲಿ ಯಾರೇ ಮೈಸೂರಿಗೆ ಹೊರಟರೂ ವೀರಭದ್ರಸ್ವಾಮಿಯವರ ಜಗಲಿ ದಾಟಿ ಹೋಗಬೇಕು. ಸುಮ್ಮನೆ ದಾಟಲು ಅವರು ಬಿಡುವುದಿಲ್ಲ. ನಗರದ ಬಸ್ಸುಗಳ ದಾರಿ ತೋರಿಸುವ ಆ್ಯಪ್ ಅವರ ಫೋನಿನಲ್ಲಿದೆ. ಯಾರೂ ಕೇಳದಿದ್ದರೂ ಸಲಹೆ ಕೊಡುವ ಔದಾರ್ಯ ಮನಸ್ಸಿನಲ್ಲಿದೆ. ಊರಿಗೆಲ್ಲ ಮೊದಲಿಗರಾಗಬೇಕೆಂದು ಹೊಗೆಸೊಪ್ಪಿನ ಎಲೆಯನ್ನು ಹಣ್ಣಾಗುವ ಮುಂಚೆಯೇ ಮುರಿಸಿದ ಮಹನೀಯರು ಅವರು.

ಅವರ ಹೆಂಡತಿ ಶಿವರುದ್ರಮ್ಮನವರಿಗೆ ಮಂಡಿ ಆಪರೇಷನ್ ಆಗಿತ್ತು. ಕೋಲು ಬಿಡಬಹುದೋ ಇಲ್ಲವೋ ಎಂದು ಡಾಕ್ಟರು ಹೇಳುವ ದಿನ ಇಬ್ಬರೂ ಮೈಸೂರಿನ ಬಸ್ ನಿಲ್ದಾಣದಲ್ಲಿ ಇಳಿದರು. ಆಸ್ಪತ್ರೆಗೆ ಆ್ಯಪ್ ಮೂರು ದಾರಿ ತೋರಿಸಿತು: ಬೇಗ ತಲುಪುವುದು, ಬಸ್ ಬದಲಾವಣೆ ಕಡಿಮೆ ಇರುವುದು, ನಡಿಗೆ ಕಡಿಮೆ ಇರುವುದು.

"ನಡೆಯೋದು ಕಮ್ಮಿ ಇರೋದ್ನೇ ನೋಡ್ರೀ," ಎಂದರು ಶಿವರುದ್ರಮ್ಮ.

"ಅದ್ರಲ್ಲಿ ಇಪ್ಪತ್ತು ನಿಮಿಷ ಜಾಸ್ತಿ. ಬುಡು ಅತ್ಲಾಗೆ. ಇದು ಬೇಗ ಕಣೇ. ಮೇನ್ ರೋಡ್ ಗಂಟ ನಡೆದ್ರೆ ಆಯ್ತು, ನಮ್ಮ ಹೊಲಕ್ಕೋದಂಗೆ."

"ಹೊಲಕ್ಕೆ ಹೋಗಿ ಆರು ತಿಂಗಳಾಯ್ತು ನಾನು."

ಆದರೂ ನಡೆದರು. ಆ್ಯಪ್ ಪಾಪ, ಎರಡು ಕಾಲೂ ನೆಟ್ಟಗಿರುವವರ ನಡಿಗೆಯ ಲೆಕ್ಕ ಹಾಕಿತ್ತು. ಕೋಲಿನ ಸಂಗತಿ ಅದಕ್ಕೆ ಯಾರೂ ಹೇಳಿರಲಿಲ್ಲ. ಇವರು ಮೇನ್ ರೋಡ್ ಮುಟ್ಟುವಷ್ಟರಲ್ಲಿ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ಅರ್ಧ ಗಂಟೆ. ಬೇಗದ ದಾರಿ ಈಗ ಮೂರರಲ್ಲೂ ತಡದ ದಾರಿಯಾಗಿತ್ತು.

ವೀರಭದ್ರಸ್ವಾಮಿಯವರು ಧೃತಿಗೆಡಲಿಲ್ಲ. ಈ ದಾರಿಯಲ್ಲೂ ಮುಂದೆ ಒಮ್ಮೆ ಬಸ್ ಬದಲಾಯಿಸಬೇಕಿತ್ತು; ತಪ್ಪೆಲ್ಲ ಆ ಬದಲಾವಣೆಯದೇ ಎಂದು ತೀರ್ಮಾನಿಸಿ, ಬದಲಾವಣೆಯೇ ಇಲ್ಲದ ದಾರಿ ಒತ್ತಿದರು. "ಒಂದೇ ಬಸ್ಸು! ಕೂತ್ರೆ ಆಸ್ಪತ್ರೇನೇ."

ಆ ಒಂದೇ ಬಸ್ಸು ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಹೋಗುತ್ತಿತ್ತು. ಇಳಿದ ಮೇಲೆ ಎಷ್ಟು ನಡೆಯಬೇಕೆಂದು ಆ್ಯಪ್ ಕೆಳಗೆ ಬರೆದೇ ಇತ್ತು. ಅಷ್ಟು ಕೆಳಗಿನದನ್ನೆಲ್ಲ ಓದುವ ಜಾತಿಯವರಲ್ಲ ಅವರು. ಉದ್ದದ ಕಾಂಪೌಂಡ್ ಸುತ್ತಿಕೊಂಡು ಗೇಟು ಮುಟ್ಟುವ ಹೊತ್ತಿಗೆ ಶಿವರುದ್ರಮ್ಮನವರ ಮಂಡಿ ಬಾತುಕೊಂಡಿತ್ತು.

ಡಾಕ್ಟರು ಇನ್ನೂ ಇದ್ದರು. ಮಂಡಿ ಒತ್ತಿ ನೋಡಿ, "ಯಾರಮ್ಮ ನಿಮ್ಮನ್ನ ಇಷ್ಟು ನಡೆಸಿದ್ದು?" ಎಂದರು. ಶಿವರುದ್ರಮ್ಮ ಗಂಡನ ಕಡೆ ನೋಡಿದರು. ಗಂಡ ಗೋಡೆಯ ಮೇಲಿನ ಎಲುಬಿನ ಚಿತ್ರವನ್ನು ಭಕ್ತಿಯಿಂದ ನೋಡುತ್ತಿದ್ದರು.

"ಕೋಲು ಇನ್ನೊಂದು ತಿಂಗಳು ಇರಲಿ," ಎಂದರು ಡಾಕ್ಟರು.

ಹೊರಗೆ ಬಂದು ಶಿವರುದ್ರಮ್ಮ ಕೈ ಚಾಚಿ ಫೋನು ಇಸಿದುಕೊಂಡರು. ನಡಿಗೆ ಕಡಿಮೆ ಇರುವುದನ್ನು ಒತ್ತಿದರು. ಆಸ್ಪತ್ರೆಯ ಗೇಟಿನಲ್ಲೇ ಒಂದು ಬಸ್ಸು. ಅದು ಇಳಿಸುವ ಸ್ಟಾಪಿನಲ್ಲೇ ಇನ್ನೊಂದು.

ವೀರಭದ್ರಸ್ವಾಮಿಯವರು ಕತ್ತು ಚಾಚಿ ನೋಡಿದರು. "ಇಪ್ಪತ್ತು ನಿಮಿಷ ಲಾಸು ಕಣೇ ಇದ್ರಲ್ಲಿ."

"ಒಂದು ತಿಂಗಳಿಗಿಂತ ಕಮ್ಮೀನೇ ಕಣ್ರೀ," ಎಂದು ಶಿವರುದ್ರಮ್ಮ ಸ್ಟಾಪಿನ ಬೆಂಚಿನ ಮೇಲೆ ಕೂತರು.